72ರ ಲೆಕ್ಕ ನಂಬಿ ಮನೆಯಲ್ಲಿ 9,338 ರೂಪಾಯಿ ಜಗಳ: ತಪ್ಪು ಯಾರದು?

ಮಂಡಿಪೇಟೆ ಹುಡುಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ಮೂರು ವರ್ಷದ ಹಿಂದೆ ನಮ್ಮ ಚಿಕ್ಕಪ್ಪನ ಮಗನಿಗೆ ಜೆರಾಕ್ಸ್ ಅಂಗಡಿ ದೊಡ್ಡದು ಮಾಡೋಕೆ ಒಂದು ಲಕ್ಷ ಕೊಟ್ಟಿದ್ದೆ. ವರ್ಷಕ್ಕೆ ಶೇ 24, ಚಕ್ರಬಡ್ಡಿ. 72ನ್ನು ಬಡ್ಡಿ ದರದಿಂದ ಭಾಗಿಸಿದರೆ ದುಡ್ಡು ಡಬಲ್ ಆಗೋ ವರ್ಷ ಸಿಗುತ್ತೆ ಅನ್ನೋ ಲೆಕ್ಕ ನಂಬಿ ಆಗ ನಾನೇ ಬಾಯಲ್ಲಿ ಹೇಳಿದ್ದೆ, "72 ಭಾಗಿಸು 24 ಅಂದ್ರೆ 3. ಮೂರು ವರ್ಷಕ್ಕೆ ಡಬಲ್. ಎರಡು ಲಕ್ಷ ತಂದುಕೊಡು ಸಾಕು" ಅಂತ. ಅವನೂ ತಲೆ ಆಡಿಸಿದ್ದ.

ಹೋದ ಭಾನುವಾರ ಬಂದ. ಕೈಯಲ್ಲಿ 1,90,662 ರೂಪಾಯಿ! ಉಳಿದ 9,338 ಎಲ್ಲಿ ಅಂದರೆ ಮೊಬೈಲ್ ಕ್ಯಾಲ್ಕುಲೇಟರ್ ತೆಗೆದು ತೋರಿಸಿದ. ಮೊದಲ ವರ್ಷದ ಕೊನೆಗೆ 1,24,000. ಎರಡನೇ ವರ್ಷಕ್ಕೆ 1,53,760. ಮೂರನೇ ವರ್ಷಕ್ಕೆ 1,90,662. "ಅಣ್ಣ, ನೀನು ಹೇಳಿದ ಬಡ್ಡೀನೇ ಹಾಕಿದ್ದೀನಿ, ಒಂದು ಪೈಸೆ ಬಿಟ್ಟಿಲ್ಲ" ಅಂದ. ನಾನು ಎಕ್ಸೆಲ್‌ನಲ್ಲಿ ಹಾಕಿ ನೋಡಿದೆ. ಅಷ್ಟೇ ಬರುತ್ತೆ.

ನನ್ನ ತಲೆ ಕೆಟ್ಟಿದ್ದು ಇಲ್ಲಿ. ಇದೇ 72ರ ಲೆಕ್ಕವನ್ನು ಶೇ 8ಕ್ಕೆ ಹಾಕಿ ನೋಡಿದೆ. 9 ವರ್ಷ ಅನ್ನುತ್ತೆ. ಎಕ್ಸೆಲ್‌ನಲ್ಲಿ 9 ವರ್ಷಕ್ಕೆ ಒಂದು ಲಕ್ಷ 1,99,900 ಆಗುತ್ತೆ. ಬರೀ ನೂರು ರೂಪಾಯಿ ವ್ಯತ್ಯಾಸ. 8ಕ್ಕೆ ಇಷ್ಟು ಸರಿ ಬರೋ ಸೂತ್ರ 24ಕ್ಕೆ ಯಾಕೆ ಹೀಗೆ ಕೈ ಕೊಡುತ್ತೆ?

---

ಸುಮ್ನೆ ಓದೋನು

ಅಣ್ಣ ತಮ್ಮಂದಿರ ಮಧ್ಯೆ ಶೇ 24? ಲೆಕ್ಕದ ತಪ್ಪು ಆಮೇಲೆ ನೋಡೋಣ ಸ್ವಾಮಿ.

---

ಮಂಡಿಪೇಟೆ ಹುಡುಗ

ಇದಕ್ಕೆ ಬೈತೀರ ಅಂತ ಗೊತ್ತಿತ್ತು. ಹೊರಗೆ ಅವನಿಗೆ ಮೂರು ರೂಪಾಯಿ ಬಡ್ಡಿ ಕೇಳಿದ್ದರು, ಅಂದರೆ ವರ್ಷಕ್ಕೆ 36. ಎರಡು ರೂಪಾಯಿಗೆ ಕೊಡು ಅಂತ ಅವನೇ ಬಂದಿದ್ದು. ಈಗ ಲೆಕ್ಕಕ್ಕೆ ಬನ್ನಿ.

---

ಪೋಸ್ಟಾಫೀಸ್ ಪದ್ಮಕ್ಕ

ನಿಮ್ಮ ಎಕ್ಸೆಲ್ಲೇ ತಪ್ಪಿರಬೇಕು. 72ರ ಲೆಕ್ಕ ಯಾವತ್ತೂ ತಪ್ಪಲ್ಲ. ನಾನು ಎಷ್ಟು ಜನಕ್ಕೆ ಕಿಸಾನ್ ವಿಕಾಸ್ ಪತ್ರ ಮಾಡಿಸಿಕೊಟ್ಟಿದ್ದೀನಿ. 2023ರ ಏಪ್ರಿಲ್‌ನಲ್ಲಿ ಬಡ್ಡಿ 7.5 ಆಯಿತು, 115 ತಿಂಗಳಿಗೆ ಡಬಲ್ ಅಂತ ಸರ್ಕಾರವೇ ಹೇಳಿತು. 72 ಅನ್ನು 7.5ರಿಂದ ಭಾಗಿಸಿ. 9.6 ವರ್ಷ, ಅಂದರೆ 115 ತಿಂಗಳು ಚಿಲ್ಲರೆ. ಅದಕ್ಕೂ ಮುಂಚೆ 7.2 ಇದ್ದಾಗ 120 ತಿಂಗಳು. 72 ಭಾಗಿಸು 7.2, ಸರಿಯಾಗಿ 10 ವರ್ಷ. ಇನ್ನೇನು ಬೇಕು?

ಒಂದು ಲಕ್ಷ ಅದರಲ್ಲೇ ಇಟ್ಟಿದ್ದರೆ ತಮ್ಮನ ಜೊತೆ ಜಗಳವೂ ಇರುತ್ತಿರಲಿಲ್ಲ.

---

ಬೋರ್ಡು ಸೀಮೆಸುಣ್ಣ

ಪದ್ಮಕ್ಕ, ನೀವು ಕೊಟ್ಟ ಲೆಕ್ಕ ಸರಿ. ಆದರೆ ನೀವು ನೋಡಿದ್ದೆಲ್ಲ 7ರಿಂದ 9ರ ಒಳಗಿನ ಬಡ್ಡಿ. 72 ಚೆನ್ನಾಗಿ ಕೂರುವ ಜಾಗವೇ ಅದು. ಊರಿನ ಕೆರೆಯಲ್ಲಿ ಈಜಿ ಸಮುದ್ರಕ್ಕೂ ಇಷ್ಟೇ ಆಳ ಅಂದ ಹಾಗಾಯಿತು.

ಮಂಡಿಪೇಟೆಯವರೇ, ನಿಮ್ಮ ತಮ್ಮನ ಲೆಕ್ಕ ಸರಿ. ಯಾಕೆ ಅಂತ ನಿಧಾನವಾಗಿ ಹೇಳುತ್ತೇನೆ. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಲೆಕ್ಕ ಹೇಳಿದ ಚಟ, ಕ್ಷಮಿಸಿ.

ಬಡ್ಡಿ ಕ್ಷಣಕ್ಷಣಕ್ಕೂ ಅಸಲಿಗೆ ಸೇರುತ್ತಾ ಹೋಗುತ್ತೆ ಅಂದುಕೊಳ್ಳಿ. ವರ್ಷದ ಕೊನೆ ತನಕ ಕಾಯೋ ಹಾಗೇ ಇಲ್ಲ. ಆಗ ಡಬಲ್ ಆಗೋಕೆ ಬೇಕಾದ ವರ್ಷ 69.3 ಭಾಗಿಸು ಬಡ್ಡಿ ದರ. ಇದು ಅಂದಾಜಲ್ಲ, ಪಕ್ಕಾ. ಯಾವ ದರಕ್ಕೂ ಇದೇ.

ಆದರೆ ನಿಜದಲ್ಲಿ ಬಡ್ಡಿ ವರ್ಷಕ್ಕೊಮ್ಮೆ ಸೇರುತ್ತೆ. ಅಲ್ಲಿಯ ತನಕ ಬಡ್ಡಿಗೆ ಬಡ್ಡಿ ಹುಟ್ಟಲ್ಲ. ಹೀಗೆ ಕಾಯೋದರಿಂದ ಡಬಲ್ ಆಗೋದು ಸ್ವಲ್ಪ ತಡ ಆಗುತ್ತೆ. ಎಷ್ಟು ತಡ? ಮಜಾ ಇರೋದು ಇಲ್ಲೇ. ದರ 3 ಇರಲಿ, 10 ಇರಲಿ, 24 ಇರಲಿ, ತಡ ಮಾತ್ರ ಹೆಚ್ಚುಕಮ್ಮಿ ಒಂದೇ. ಸುಮಾರು 0.35 ವರ್ಷ, ಅಂದರೆ ನಾಲ್ಕು ತಿಂಗಳ ಮೇಲೆ ಸ್ವಲ್ಪ.

ಹಾಗಾದರೆ 72 ಏನು ಮಾಡುತ್ತೆ? ಆ ನಾಲ್ಕು ತಿಂಗಳನ್ನು ಬೇರೆಯಾಗಿ ಕೂಡಿಸೋದಿಲ್ಲ. ಬದಲಿಗೆ 69.3ರ ಮೇಲೆ 2.7 ಜಾಸ್ತಿ ಇಟ್ಟುಕೊಂಡು, ಅದನ್ನೂ ದರದಿಂದ ಭಾಗಿಸುತ್ತೆ. ದರ 8 ಇದ್ದರೆ ಆ 2.7ರ ಪಾಲು 0.34 ವರ್ಷ. ಬೇಕಾಗಿದ್ದು 0.35. ಹಾಗಾಗಿ 8ಕ್ಕೆ ಅಷ್ಟು ಚೆನ್ನಾಗಿ ಕೂರುತ್ತೆ. ನಿಮ್ಮ 24ಕ್ಕೆ ಬನ್ನಿ. 2.7 ಭಾಗಿಸು 24 ಬರೀ 0.11. ಬೇಕಾಗಿದ್ದು ಆಗಲೂ 0.35. ಉಳಿದ ಮೂರು ತಿಂಗಳಿಗೆ ಸ್ವಲ್ಪ ಕಮ್ಮಿ ಸಮಯ 72 ನುಂಗಿ ಹಾಕಿದೆ. ಅದಕ್ಕೇ ಅದು 3 ವರ್ಷ ಅನ್ನುತ್ತೆ, ನಿಜವಾದ ಉತ್ತರ 3.22 ವರ್ಷ.

ಕಮ್ಮಿ ದರದಲ್ಲಿ ಇದೇ ತಪ್ಪು ಉಲ್ಟಾ ಹೊಡೆಯುತ್ತೆ. ಶೇ 2ಕ್ಕೆ 2.7ರ ಪಾಲು 1.35 ವರ್ಷ. ಬೇಕಾಗಿದ್ದು 0.35. ಪೂರ್ತಿ ಒಂದು ವರ್ಷ ಜಾಸ್ತಿ. 72 ಅಲ್ಲಿ 36 ವರ್ಷ ಅನ್ನುತ್ತೆ, ನಿಜ 35.

72ರ ಉತ್ತರವೂ ನಿಜವಾದ ಉತ್ತರವೂ ಒಂದೇ ಆಗೋ ಜಾಗ ಶೇ 7.85ರ ಹತ್ತಿರ. ಅದಕ್ಕಿಂತ ಕೆಳಗೆ 72 ಜಾಸ್ತಿ ವರ್ಷ ಹೇಳುತ್ತೆ, ಮೇಲೆ ಹೋದರೆ ಕಮ್ಮಿ ಹೇಳುತ್ತೆ. ಸಾಲ ಕೊಟ್ಟವನಿಗೆ ಮೇಲಿನ ಕಡೆ ಮೋಸ, ನಿಮ್ಮ ಹಾಗೆ.

---

ಮಂಡಿಪೇಟೆ ಹುಡುಗ

ಮೇಷ್ಟ್ರೇ, ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ. ಆದರೆ ಆ ತಡ ಎಲ್ಲ ದರಕ್ಕೂ ಒಂದೇ ಹೇಗೆ? ಬಡ್ಡಿ ಜಾಸ್ತಿ ಇದ್ದರೆ ಕಾಯೋದರಿಂದ ಆಗೋ ನಷ್ಟವೂ ಜಾಸ್ತಿ ಇರಬೇಕಲ್ವಾ?

---

ಬೋರ್ಡು ಸೀಮೆಸುಣ್ಣ

ಒಳ್ಳೆ ಪ್ರಶ್ನೆ. ಒಂದು ವರ್ಷದ ನಷ್ಟ ಜಾಸ್ತಿನೇ. ಆದರೆ ದರ ಜಾಸ್ತಿ ಇದ್ದರೆ ಡಬಲ್ ಆಗೋಕೆ ಬೇಕಾದ ವರ್ಷಗಳು ಕಮ್ಮಿ. ಪ್ರತಿ ವರ್ಷ ದೊಡ್ಡ ನಷ್ಟ, ಆದರೆ ಕೆಲವೇ ವರ್ಷ. ಇಲ್ಲಾಂದರೆ ಚಿಕ್ಕ ನಷ್ಟ, ಆದರೆ ಬಹಳ ವರ್ಷ. ಒಂದಕ್ಕೊಂದು ಸರಿದೂಗಿ ನಾಲ್ಕು ತಿಂಗಳಿಗೇ ಬಂದು ನಿಲ್ಲುತ್ತೆ. ತೀರಾ ಪಕ್ಕಾ ಅಲ್ಲ. 24ಕ್ಕೆ 0.33 ಬರುತ್ತೆ. ಶೇ 100ಕ್ಕೆ ಹೋದರೆ 0.31. ಆದರೂ 72ರ ತಪ್ಪಿನ ಮುಂದೆ ಇದು ಏನೂ ಅಲ್ಲ.

---

ಆರ್ಟಿಕಲ್‌ಶಿಪ್ ಅಕ್ಕ

ಮೇಷ್ಟ್ರು ಹೇಳಿದ್ದನ್ನು ನಮಗೆ ಕಾಲೇಜಲ್ಲಿ 69ರ ಸೂತ್ರ ಅಂತ ಬಾಯಿಪಾಠ ಮಾಡಿಸಿದ್ದರು. 69 ಭಾಗಿಸು ದರ, ಅದಕ್ಕೆ 0.35 ಕೂಡಿಸು. ಆ 0.35 ಎಲ್ಲಿಂದ ಬಂತು ಅಂತ ಇವತ್ತೇ ನನಗೆ ಗೊತ್ತಾಗಿದ್ದು, ನಾಚಿಕೆ ಆಗುತ್ತೆ.

ನಿಮ್ಮ ಕೇಸಿಗೆ ಹಾಕಿ. 69 ಭಾಗಿಸು 24 ಅಂದರೆ 2.875. 0.35 ಸೇರಿಸಿದರೆ 3.225. ಪಕ್ಕಾ ಉತ್ತರ 3.222. ಒಂದು ದಿನ ಆಚೀಚೆ.

ಎಕ್ಸೆಲ್ ತೆರೆದೇ ಇದ್ದರೆ ಸೂತ್ರನೂ ಬೇಡ. ಇವೆರಡರಲ್ಲಿ ಯಾವುದಾದರೂ ಹಾಕಿ:

```
=LN(2)/LN(1+24%)
=NPER(24%,0,-1,2)
```

ಎರಡನೇದರಲ್ಲಿ 1ರ ಹಿಂದಿನ ಮೈನಸ್ ಮರೀಬೇಡಿ. ಮರೆತರೆ ಎರರ್ ಬರುತ್ತೆ, ನಾನು ಅರ್ಧ ದಿನ ಒದ್ದಾಡಿದ್ದೀನಿ.

---

ಎಪ್ಪತ್ತು ಸಾಕು

72 ಹಳೇ ಕಾಲದ್ದು. 70 ಬಳಸಿ, ಎಲ್ಲ ಕಡೆ ಸರಿ ಬರುತ್ತೆ. ನಮ್ಮ ಬ್ಯಾಂಕ್ ಎಫ್‌ಡಿ ಶೇ 7. 70 ಭಾಗಿಸು 7, ಹತ್ತು ವರ್ಷ. ಬ್ಯಾಂಕಿನ ಕ್ಯಾಲ್ಕುಲೇಟರಲ್ಲೂ ಹತ್ತು ವರ್ಷಕ್ಕೆ ಎರಡು ಲಕ್ಷ ತೋರಿಸುತ್ತೆ. 72 ಹಾಕಿದರೆ ಹತ್ತು ವರ್ಷ ಮೂರೂವರೆ ತಿಂಗಳು, ಅದು ತಪ್ಪು. ಮುಗೀತು.

---

ಆರ್ಟಿಕಲ್‌ಶಿಪ್ ಅಕ್ಕ

@ಎಪ್ಪತ್ತು ಸಾಕು, ಇವರ ಕೇಸಿಗೆ 70 ಹಾಕಿದರೆ 2.92 ವರ್ಷ ಬರುತ್ತೆ. ನಿಜ 3.22. 72ಕ್ಕಿಂತ ಇನ್ನೂ ದೂರ ಹೋದಿರಿ. ದರ ಮೇಲೆ ಹೋದ ಹಾಗೆ ಮೇಲಿನ ಸಂಖ್ಯೆನೂ ದೊಡ್ಡದಾಗಬೇಕು, ಚಿಕ್ಕದಲ್ಲ. 24ಕ್ಕೆ ಅದು 77 ಚಿಲ್ಲರೆ.

---

ಎಪ್ಪತ್ತು ಸಾಕು

ಹಾಗಾದರೆ ನನ್ನ ಎಫ್‌ಡಿ ಲೆಕ್ಕ ಸರಿ ಬಂದಿದ್ದು ಹೇಗೆ? ಪದ್ಮಕ್ಕ 7.2ಕ್ಕೆ 72 ಸರಿ ಅಂತಾರೆ, ನನಗೆ 7ಕ್ಕೆ 70 ಸರಿ. ಅಷ್ಟು ಹತ್ತಿರದ ದರಕ್ಕೆ ಬೇರೆ ಬೇರೆ ಸೂತ್ರನಾ?

---

ಬೋರ್ಡು ಸೀಮೆಸುಣ್ಣ

ಇಬ್ಬರೂ ಸರಿ. ಪದ್ಮಕ್ಕನ ಪತ್ರದಲ್ಲಿ ಬಡ್ಡಿ ವರ್ಷಕ್ಕೊಮ್ಮೆ ಸೇರುತ್ತೆ. ನಮ್ಮ ಬ್ಯಾಂಕ್ ಎಫ್‌ಡಿಗಳಲ್ಲಿ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಸೇರುತ್ತೆ. ಕಾಯೋ ಅವಧಿ ಕಾಲು ಭಾಗ, ಹಾಗಾಗಿ ತಡವೂ ಕಾಲು ಭಾಗ, ಒಂದು ತಿಂಗಳ ಆಸುಪಾಸು. ಶೇ 7ಕ್ಕೆ ಪಕ್ಕಾ ಉತ್ತರ 9.99 ವರ್ಷ. 70 ಅಲ್ಲಿ ಚೆನ್ನಾಗಿ ಕೂರುತ್ತೆ. ಆದರೆ "ಎಲ್ಲ ಕಡೆ" ಅಂದಿರಲ್ಲ, ಅದು ಬೇಡ.

---

ಹುಬ್ಬಳ್ಳಿ ಮಂದಿ

ಏನ್ರೀ ಇದು, ಎಲ್ಲರೂ ವರ್ಷ ವರ್ಷ ಅಂತ ಕುಂತೀರಿ. ನಮ್ಮ ಕಡೆ ಕೈಸಾಲ ಅಂದರೆ ತಿಂಗಳ ಲೆಕ್ಕ ರೀ. ಎರಡು ರೂಪಾಯಿ ಬಡ್ಡಿ ಅಂದರೆ ನೂರಕ್ಕೆ ತಿಂಗಳಿಗೆ ಎರಡು. ಅವರ ತಮ್ಮನೂ "ಎರಡು ರೂಪಾಯಿ" ಅಂತಲೇ ಕೇಳಿದ್ದಾನೆ ಅಂತ ಅವರೇ ಬರೆದಿದ್ದಾರೆ, ಮೇಲೆ ನೋಡಿ.

ತಿಂಗಳಿಗೆ ಶೇ 2, ತಿಂಗಳು ತಿಂಗಳು ಅಸಲಿಗೆ ಸೇರುತ್ತೆ ಅಂದರೆ 35 ತಿಂಗಳಿಗೇ ಡಬಲ್. 36 ತಿಂಗಳಿಗೆ 2,03,989 ಆಗುತ್ತೆ. ಅಣ್ಣನಿಗೆ ಎರಡು ಲಕ್ಷಕ್ಕಿಂತ ಜಾಸ್ತಿನೇ ಬರಬೇಕು!

---

ಮಂಡಿಪೇಟೆ ಹುಡುಗ

ಅರೆ! ಇದು ಹೊಳೆದೇ ಇರಲಿಲ್ಲ. ಹಾಗಾದರೆ ನನ್ನ ಎರಡು ಲಕ್ಷದ ಲೆಕ್ಕ ಸರಿನೇ ಅನ್ನಿ.

---

ಕೈಸಾಲ ಕಂಡವನು

ಸ್ವಾಮಿ, ಅಷ್ಟು ಬೇಗ ಖುಷಿ ಪಡಬೇಡಿ. ನಾನು ಎರಡು ರೂಪಾಯಿ ಬಡ್ಡಿಗೆ ತಂದು ಕಟ್ಟಿದವನು. ಊರಲ್ಲಿ ಎರಡು ರೂಪಾಯಿ ಬಡ್ಡಿ ಅಂದರೆ ಸರಳಬಡ್ಡಿ. ತಿಂಗಳು ತಿಂಗಳು ಬಡ್ಡಿ ಕೊಡ್ತಾ ಹೋಗ್ತೀವಿ, ಅಸಲು ಹಾಗೇ ಇರುತ್ತೆ. ಕೊಡದೆ ಉಳಿಸಿಕೊಂಡರೆ ಬಡ್ಡಿಯೇ ಅಸಲಿನಷ್ಟು ಆಗೋಕೆ 50 ತಿಂಗಳು ಬೇಕು. ನೂರು ಭಾಗಿಸು ಎರಡು. ಅಲ್ಲಿ 72ಕ್ಕೆ ಕೆಲಸವೇ ಇಲ್ಲ. ಆ ಲೆಕ್ಕದಲ್ಲಿ ಮೂರು ವರ್ಷಕ್ಕೆ 1,72,000 ಅಷ್ಟೇ.

ನನಗೆ ಸಾಲ ಕೊಟ್ಟವರು ಮೂರು ವರ್ಷ ಆದ ಮೇಲೆ "ಡಬಲ್ ಆಗಿದೆ" ಅಂತ ಬಂದಿದ್ದರು. ಕೊಡುವಾಗ ಸರಳಬಡ್ಡಿ, ತಗೊಳ್ಳುವಾಗ ಚಕ್ರಬಡ್ಡಿ. ನನಗೆ ಆಗ ಲೆಕ್ಕ ಬರುತ್ತಿರಲಿಲ್ಲ, ಕೊಟ್ಟುಬಿಟ್ಟೆ. ಇಪ್ಪತ್ತೆಂಟು ಸಾವಿರ ಜಾಸ್ತಿ ಕೊಟ್ಟಿದ್ದೀನಿ ಅಂತ ಎಷ್ಟೋ ವರ್ಷ ಆದ ಮೇಲೆ ಮಗಳು ಕೂತು ಹೇಳಿದಳು.

---

ಬೋರ್ಡು ಸೀಮೆಸುಣ್ಣ

ಇದು ಸೂತ್ರದ ತಪ್ಪಲ್ಲ, ಆದರೆ ಸೂತ್ರದ ದೊಡ್ಡ ಕುರುಡು. 72 ಭಾಗಿಸು 24 ಅಂತ ವರ್ಷದ ಲೆಕ್ಕ ಹಾಕಿ, 3 ವರ್ಷ. 72 ಭಾಗಿಸು 2 ಅಂತ ತಿಂಗಳ ಲೆಕ್ಕ ಹಾಕಿ, 36 ತಿಂಗಳು. ಎರಡೂ ಒಂದೇ! ಬಡ್ಡಿ ಎಷ್ಟು ಸಲ ಅಸಲಿಗೆ ಸೇರುತ್ತೆ ಅನ್ನೋದು 72ಕ್ಕೆ ಕಾಣಲ್ಲ. ನಿಜದಲ್ಲಿ ಮಾತ್ರ ಎಲ್ಲ ಬೇರೆ ಬೇರೆ.

ಒಂದು ಲಕ್ಷ, ಶೇ 24, ಮೂರು ವರ್ಷ. ವರ್ಷಕ್ಕೊಮ್ಮೆ ಸೇರಿದರೆ ತಮ್ಮ ತಂದ 1,90,662. ಆರು ತಿಂಗಳಿಗೊಮ್ಮೆ ಆದರೆ 1,97,382. ಮೂರು ತಿಂಗಳಿಗೊಮ್ಮೆ ಆದರೆ 2,01,220. ತಿಂಗಳಿಗೊಮ್ಮೆ ಆದರೆ ಹುಬ್ಬಳ್ಳಿಯವರು ಹೇಳಿದ 2,03,989. ಸರಳಬಡ್ಡಿ ಆದರೆ 1,72,000. ದರ ಒಂದೇ, ಅವಧಿ ಒಂದೇ, ಉತ್ತರ ಐದು. ಶೇ 7ರ ದರದಲ್ಲಿ ಈ ಅಂತರ ಯಾರ ಕಣ್ಣಿಗೂ ಬೀಳಲ್ಲ. 24ರಲ್ಲಿ ಮನೆ ಜಗಳ ಆಗುತ್ತೆ.

ಈಗ ಹೇಳಿ, ಚೀಟಿಯಲ್ಲಿ ಏನು ಬರೆದಿದ್ದೀರಿ?

---

ಮಂಡಿಪೇಟೆ ಹುಡುಗ

ನೋಟ್‌ಬುಕ್ ಹಾಳೆ. "1,00,000 ರೂ. ವರ್ಷಕ್ಕೆ ಶೇ 24 ಚಕ್ರಬಡ್ಡಿ. 3 ವರ್ಷ." ಇಬ್ಬರ ಸಹಿ. ಡಬಲ್ ಅಂತ ಬರೆದಿಲ್ಲ. ಎಷ್ಟು ತಿಂಗಳಿಗೊಮ್ಮೆ ಅಂತಲೂ ಬರೆದಿಲ್ಲ.

---

ಆರ್ಟಿಕಲ್‌ಶಿಪ್ ಅಕ್ಕ

"ವರ್ಷಕ್ಕೆ" ಅಂತ ಇದೆಯಲ್ಲ, ತಮ್ಮ ಗೆದ್ದ.

---

ಹುಬ್ಬಳ್ಳಿ ಮಂದಿ

ವರ್ಷಕ್ಕೆ ಅನ್ನೋದು ದರಕ್ಕೆ ರೀ, ಬಡ್ಡಿ ಸೇರಿಸೋದಕ್ಕಲ್ಲ. ಎಫ್‌ಡಿನಲ್ಲೂ ದರ ವರ್ಷದ್ದೇ ಹೇಳುತ್ತಾರೆ, ಸೇರಿಸೋದು ಮೂರು ತಿಂಗಳಿಗೆ. ಅಷ್ಟು ಸುಲಭಕ್ಕೆ ತೀರ್ಪು ಕೊಡಬೇಡಿ.

---

ಎಸ್‌ಐಪಿ ಸೀನ

ಇವೆಲ್ಲ ಯಾಕೆ ಬೇಕು ಗುರು? ಮ್ಯೂಚುವಲ್ ಫಂಡಲ್ಲಿ ತಿಂಗಳಿಗೆ ಇಷ್ಟು ಅಂತ ಎಸ್‌ಐಪಿ ಹಾಕಿ. ಶೇ 12 ಸಿಗುತ್ತೆ. 72 ಭಾಗಿಸು 12, ಆರೇ ವರ್ಷಕ್ಕೆ ಡಬಲ್. ಜಗಳ ಇಲ್ಲ, ಚಿಕ್ಕಪ್ಪ ಇಲ್ಲ.

---

ಆರ್ಟಿಕಲ್‌ಶಿಪ್ ಅಕ್ಕ

ಸೀನಣ್ಣ, ಎಸ್‌ಐಪಿಗೆ 72 ಹಾಕೋ ಹಾಗೇ ಇಲ್ಲ. ಇದು ಒಂದೇ ಸಲ ಇಟ್ಟು ಸುಮ್ಮನೆ ಬಿಟ್ಟ ದುಡ್ಡಿಗೆ. ನೀವು ಆರನೇ ವರ್ಷದ ಕೊನೇ ತಿಂಗಳು ಹಾಕಿದ ಕಂತಿಗೆ ಬೆಳೆಯೋಕೆ ಸಮಯವೇ ಸಿಕ್ಕಿರಲ್ಲ. ಅದು ಹೇಗೆ ಡಬಲ್ ಆಗುತ್ತೆ?

ಒಂದೇ ಸಲ ಇಟ್ಟರೂ "ಸರಾಸರಿ 12" ನಂಬಬೇಡಿ. ಒಂದು ವರ್ಷ 40 ಏರಿತು, ಮುಂದಿನ ವರ್ಷ 16 ಇಳಿಯಿತು ಅಂದುಕೊಳ್ಳಿ. ಸರಾಸರಿ 12. ಆದರೆ ನೂರು ರೂಪಾಯಿ 140 ಆಗಿ, ಆಮೇಲೆ 117.60ಕ್ಕೆ ಇಳಿಯುತ್ತೆ. ಎರಡು ವರ್ಷಕ್ಕೆ ಹದಿನೇಳೂವರೆ, ಅಂದರೆ ವರ್ಷಕ್ಕೆ ಹತ್ತಿರ ಹತ್ತಿರ 8.4. 72 ಅನ್ನು ಇದರಿಂದ ಭಾಗಿಸಿ, ಎಂಟೂವರೆ ವರ್ಷ. ಸೂತ್ರ ತಪ್ಪಿದ್ದು ಒಂದೆರಡು ತಿಂಗಳು. ತಪ್ಪು ದರ ಹಾಕಿದ್ದಕ್ಕೆ ಹೋಗಿದ್ದು ಎರಡೂವರೆ ವರ್ಷ.

---

ಎಸ್‌ಐಪಿ ಸೀನ

ಒಳ್ಳೆದಕ್ಕೆ ಹೇಳೋಕೆ ಬಂದರೆ ಕ್ಲಾಸ್ ತಗೊಂಡರು.

---

ಕೊಪ್ಪದ ಅಡಿಕೆ

ಈ 72 ಐನ್‌ಸ್ಟೈನ್ ಕಂಡುಹಿಡಿದದ್ದು ಅಂತ ವಾಟ್ಸಾಪಲ್ಲಿ ಬಂದಿತ್ತು, ಹೌದಾ?

---

ಬೋರ್ಡು ಸೀಮೆಸುಣ್ಣ

ಅಲ್ಲ. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಲೂಕಾ ಪಾಚೋಲಿಯ ಗಣಿತದ ಪುಸ್ತಕದಲ್ಲೇ ಇದು ಇದೆ. ಆತ ಯಾಕೆ 72 ಅಂತ ವಿವರಿಸಿಲ್ಲ, ಹೀಗೆ ಮಾಡಿ ಅಂತ ಹೇಳಿ ಮುಂದೆ ಹೋಗಿದ್ದಾನೆ. ಹಾಗಾಗಿ ವ್ಯಾಪಾರಿಗಳಿಗೆ ಅದಕ್ಕೂ ಮುಂಚೆಯೇ ಗೊತ್ತಿದ್ದಿರಬೇಕು. 72 ಅಂದರೆ 2, 3, 4, 6, 8, 9, 12, ಎಲ್ಲದರಿಂದಲೂ ನಿಶ್ಶೇಷವಾಗಿ ಭಾಗವಾಗುತ್ತೆ. ಬಾಯಿಲೆಕ್ಕಕ್ಕೆ ಹೇಳಿ ಮಾಡಿಸಿದ ಹಾಗಿದೆ. 69.3ನ್ನು ಸಂತೆಯಲ್ಲಿ ನಿಂತು ಯಾರು ಭಾಗಿಸುತ್ತಾರೆ?

---

ಕೊಪ್ಪದ ಅಡಿಕೆ

ಸರಿ ಮೇಷ್ಟ್ರೇ. ಇನ್ನೊಂದು. ನನ್ನ ಪಿಕಪ್ ಗಾಡಿ ಬೆಲೆ ವರ್ಷಕ್ಕೆ ಶೇ 15 ಇಳಿಸಿ ಆಡಿಟರು ಲೆಕ್ಕ ಬರೀತಾರೆ. 72 ಭಾಗಿಸು 15, 4.8 ವರ್ಷಕ್ಕೆ ಅರ್ಧ ಬೆಲೆ ಅಂದುಕೊಂಡಿದ್ದೆ. ಅವರ ಪುಸ್ತಕದಲ್ಲಿ ನಾಲ್ಕು ವರ್ಷಕ್ಕೇ ನೂರಕ್ಕೆ 52 ಅಂತ ಇದೆ. ಇದೂ ಅದೇ ರೋಗನಾ?

---

ಬೋರ್ಡು ಸೀಮೆಸುಣ್ಣ

ಅದೇ ರೋಗ, ಕನ್ನಡಿಯಲ್ಲಿ ನೋಡಿದ ಹಾಗೆ. ಇಳಿಯೋದಕ್ಕೆ 0.35 ಕೂಡಿಸೋದಲ್ಲ, ಕಳೆಯಬೇಕು. 69.3 ಭಾಗಿಸು 15 ಅಂದರೆ 4.62. ಅದರಲ್ಲಿ 0.35 ಹೋದರೆ 4.27 ವರ್ಷ. ಪಕ್ಕಾನೂ 4.27. ಇಳಿಕೆಗೆ 72 ಯಾವ ದರದಲ್ಲೂ ಸರಿಯಾಗಿ ಕೂರಲ್ಲ, ಯಾವಾಗಲೂ ಜಾಸ್ತಿ ವರ್ಷ ಹೇಳುತ್ತೆ.

---

ಸುಮ್ನೆ ಓದೋನು

ಪಿಕಪ್ ಬಿಡಿ, ಒಂಬತ್ತು ಸಾವಿರ ಏನಾಯಿತು?

---

ಪೋಸ್ಟಾಫೀಸ್ ಪದ್ಮಕ್ಕ

ನಾನು ಒಪ್ಪಿಕೊಂಡೆ, ಎಕ್ಸೆಲ್ ತಪ್ಪಲ್ಲ. ಆದರೆ ನನಗೊಂದು ಅನುಮಾನ. ಕಿಸಾನ್ ವಿಕಾಸ್ ಪತ್ರ 1988ರಲ್ಲಿ ಶುರು ಆದಾಗ ಐದೂವರೆ ವರ್ಷಕ್ಕೆ ಡಬಲ್. ನಮ್ಮ ಮಾವ ಆಗ ತಗೊಂಡಿದ್ದರು. 72 ಭಾಗಿಸು 5.5 ಮಾಡಿ "ಶೇ 13 ಕೊಡ್ತಾರೆ" ಅಂತ ಹೇಳುತ್ತಿದ್ದರು. ಹಾಗೆ ಹಿಂದಿನಿಂದ ಹಾಕಿದರೆ ಸರಿ ಬರುತ್ತಾ?

---

ಬೋರ್ಡು ಸೀಮೆಸುಣ್ಣ

ಪದ್ಮಕ್ಕ, ಇಡೀ ಚರ್ಚೆಯಲ್ಲಿ ಇದೇ ಒಳ್ಳೆ ಪ್ರಶ್ನೆ. ಹಿಂದಿನಿಂದ ಹಾಕಿದರೆ ತಪ್ಪು ದರದಲ್ಲಿ ಕಾಣುತ್ತೆ. ಐದೂವರೆ ವರ್ಷಕ್ಕೆ ಡಬಲ್ ಅಂದರೆ ನಿಜವಾಗಿ ವರ್ಷಕ್ಕೆ ಶೇ 13.4. ನಿಮ್ಮ ಮಾವನವರ ಲೆಕ್ಕ 13.1. ಅಷ್ಟೇನೂ ಕೆಟ್ಟದಲ್ಲ.

ಆದರೆ ಅವಧಿ ಕಮ್ಮಿ ಆದ ಹಾಗೆ ನೋಡಿ. ಎರಡು ವರ್ಷಕ್ಕೆ ಡಬಲ್ ಅಂದರೆ 72 ಹೇಳೋದು ಶೇ 36. ನಿಜವಾಗಿ ಬೇಕಾಗಿದ್ದು 41.4. ಒಂದು ವರ್ಷಕ್ಕೆ ಡಬಲ್ ಅಂದರೆ 72 ಹೇಳೋದು ಶೇ 72. ನೂರು ಇನ್ನೂರು ಆಗೋಕೆ ಶೇ 100 ಬೇಕು ಅಂತ ಮೂರನೇ ಕ್ಲಾಸಿನ ಮಗುವಿಗೂ ಗೊತ್ತು. ಸೂತ್ರ ಎಲ್ಲಿ ಮುರಿಯುತ್ತೆ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸೋದು.

ಈಗ ಮಂಡಿಪೇಟೆಯವರ ಜಗಳ. ಮೂರು ವರ್ಷಕ್ಕೆ ಡಬಲ್ ಆಗಬೇಕಿದ್ದರೆ ದರ ಶೇ 26 ಬರೆಯಬೇಕಿತ್ತು. 1.26 ಅನ್ನು ಮೂರು ಸಲ ಗುಣಿಸಿ ನೋಡಿ, ಎರಡು ಲಕ್ಷದ ಮೇಲೆ ಮೂವತ್ತೆಂಟು ರೂಪಾಯಿ ಬರುತ್ತೆ. ನೀವು ಬರೆದಿದ್ದು 24, ಬಾಯಲ್ಲಿ ಹೇಳಿದ್ದು 26. ಒಂದೇ ದಿನ ಎರಡು ಕರಾರು ಮಾಡಿಕೊಂಡಿದ್ದೀರಿ.

---

ಮಂಡಿಪೇಟೆ ಹುಡುಗ

ಇದನ್ನು ಓದಿ ಐದು ನಿಮಿಷ ಸುಮ್ಮನೆ ಕೂತಿದ್ದೆ. ಹೌದು, ಚೀಟಿ ಒಂದು, ಮಾತು ಒಂದು. ತಮ್ಮ ಚೀಟಿ ನೋಡಿದ, ನಾನು ಮಾತು ನೆನಪಿಟ್ಟುಕೊಂಡೆ.

ಒಂದು ಐಡಿಯಾ ಬಂತು. ಪಕ್ಕಾ ಉತ್ತರ 3.22 ವರ್ಷ ಅಲ್ವಾ? ಹಾಗಾದರೆ ಇನ್ನು 81 ದಿನ ಬಿಟ್ಟು ಎರಡು ಲಕ್ಷ ಕೊಡು ಅಂದರೆ ಇಬ್ಬರಿಗೂ ನ್ಯಾಯ ಆಗಲ್ವಾ?

---

ಆರ್ಟಿಕಲ್‌ಶಿಪ್ ಅಕ್ಕ

81 ಅಲ್ಲ, 75. ಸೂತ್ರ ಚಿಲ್ಲರೆ ದಿನಗಳಿಗೂ ಚಕ್ರಬಡ್ಡಿಯಂತೆಯೇ ಲೆಕ್ಕ ಹಾಕುತ್ತೆ. ಜನ ಹಾಗೆ ಹಾಕಲ್ಲ. ವರ್ಷ ತುಂಬದ ದಿನಗಳಿಗೆ ಸರಳಬಡ್ಡಿಯೇ ಹಾಕೋದು. 1,90,662ಕ್ಕೆ ವರ್ಷಕ್ಕೆ 24ರಂತೆ 45,759 ರೂಪಾಯಿ. ದಿನಕ್ಕೆ 125 ಚಿಲ್ಲರೆ. 9,338 ತುಂಬೋಕೆ 75 ದಿನ ಸಾಕು.

---

ಹುಬ್ಬಳ್ಳಿ ಮಂದಿ

ಅಕ್ಕಾರ, ಅವನು ದುಡ್ಡು ಹಿಡಿದುಕೊಂಡು ಬಾಗಿಲಿಗೆ ಬಂದಿದ್ದಾನೆ ರೀ. ತಗೊಳ್ಳದೆ 75 ದಿನ ಕಾಯಿಸಿ ಅದಕ್ಕೂ ಬಡ್ಡಿ ಕೇಳಿದರೆ ಅದು ನ್ಯಾಯನಾ? ಅವನಿಗೆ ಆ 9,338 ಕೈಯಿಂದ ಹೋಗೋದು ಹೋಗೋದೇ.

---

ಕೈಸಾಲ ಕಂಡವನು

ನನ್ನ ಮಾತು ಕೇಳಿ, ತಂದಿದ್ದು ತಗೊಳ್ಳಿ. ಬರೆದಿದ್ದನ್ನು ಪೂರ್ತಿ ಕೊಟ್ಟವನನ್ನು ನಾನು ಜೀವನದಲ್ಲಿ ನೋಡಿದ್ದೇ ಕಮ್ಮಿ.

---

ಮಂಡಿಪೇಟೆ ಹುಡುಗ

ಅಪ್‌ಡೇಟ್. ತಮ್ಮನಿಗೆ ಫೋನ್ ಮಾಡಿ 75 ದಿನದ ವಿಷಯ ಹೇಳಿದೆ. ಪಾಪ ಅವನು ಏನೂ ಅನ್ನಲಿಲ್ಲ, ಫೋನ್ ಚಿಕ್ಕಮ್ಮನ ಕೈಗೆ ಹೋಯಿತು. "ನಿನ್ನ ಮದುವೇಲಿ ಅವನು ಮೂರು ದಿನ ನಿದ್ದೆಗೆಟ್ಟು ಊಟದ ಪಂಕ್ತಿ ನೋಡಿಕೊಂಡ. ಅದರ ಕೂಲಿ ಎಷ್ಟು ಅಂತ ಹಾಕಿ, ಅದೇ ಹಾಳೆ ಮೇಲೆ ಕಳೆದು ಕಳಿಸು" ಅಂದರು.

1,90,662 ತಗೊಂಡೆ. ಹಾಳೆ ಹರಿದು ಹಾಕಿದ್ದಾಯಿತು. ಈಗ ಅವನಿಗೆ ಲ್ಯಾಮಿನೇಶನ್ ಮಷೀನ್ ತಗೊಳ್ಳೋಕೆ ಇನ್ನೊಂದು ನಲವತ್ತು ಸಾವಿರ ಬೇಕಂತೆ.

---

ಆರ್ಟಿಕಲ್‌ಶಿಪ್ ಅಕ್ಕ

ಈ ಸಲ ದರದ ಜೊತೆ "ವರ್ಷದ ಕೊನೆಗೆ ಬಡ್ಡಿ ಅಸಲಿಗೆ ಸೇರುತ್ತೆ" ಅಂತಲೂ ಬರೆಯಿರಿ, ಕೊನೆಯ ಮೊತ್ತವನ್ನು ರೂಪಾಯಿಯಲ್ಲೇ ಬರೆಯಿರಿ.

---

ಪೋಸ್ಟಾಫೀಸ್ ಪದ್ಮಕ್ಕ

ಶೇ 8 ಹಾಕಿ ಮಾರಾಯರೇ. 72 ಸರಿ ಬರುತ್ತೆ, ಚಿಕ್ಕಮ್ಮನೂ ಬೈಯಲ್ಲ.